ಕಬ್ಬು ಬೆಳೆದರೆ ದ್ರೋಹವೇ?

ಎರಡನೇ ದುಡಿಮೆಯೆಲ್ಲ ಮೋಸ ಎಂಬ ನಿಮ್ಮ ಲೇಖನವನ್ನು ಒಪ್ಪಲಾರೆ. ನೀವು ತೋರಿಸಿದ ವಿಪ್ರೊ ಪ್ರಕರಣವೇ ಬೇರೆ ಮಾತು ಹೇಳುತ್ತದೆ: 2022ರ ಸೆಪ್ಟೆಂಬರಿನಲ್ಲಿ 300 ಮಂದಿಯನ್ನು ತೆಗೆದದ್ದಾಗಿ ಹೇಳಿದಾಗ ಕೊಟ್ಟ ಕಾರಣ, ಅವರು ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದರೆಂಬುದು.

ವಿ.ಸಿ. ಫಾರಂ ಸುತ್ತಲ ಹಳ್ಳಿಗಳಲ್ಲಿ ಬಿತ್ತನೆ ಬೀಜ ಮಾರುವ ಖಾಸಗಿ ನೌಕರನೊಬ್ಬನನ್ನು ಊಹಿಸಿ. ಭಾನುವಾರ ಮದ್ದೂರಿನ ತನ್ನ ಗದ್ದೆಯಲ್ಲಿ ಕಬ್ಬು ಬೆಳೆದರೆ ಕಂಪನಿಗೇನು ನಷ್ಟ? ಕಂಪನಿಯ ರೈತರ ಪಟ್ಟಿ ಹಿಡಿದು ಇನ್ನೊಂದು ಕಂಪನಿಯ ಭತ್ತದ ಬೀಜ ಮಾರಿದರೆ ಮಾತ್ರ ಅದು ದ್ರೋಹ, ರಜೆಯ ದಿನ ಮಾರಿದರೂ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿಯ ಕೇಂದ್ರದ ಮಾದರಿ ನಿಯಮ ತಡೆದದ್ದೂ ಮಾಲೀಕನ ಹಿತಕ್ಕೆ ಧಕ್ಕೆ ತರಬಹುದಾದ ಹೆಚ್ಚುವರಿ ಉದ್ಯೋಗವನ್ನೇ.

ಕರಾರಿನಲ್ಲಿ ಹೀಗೆ ಬರೆಯಲಿ: ಪ್ರತಿಸ್ಪರ್ಧಿಗೆ ದುಡಿಯುವಂತಿಲ್ಲ, ಕಂಪನಿಯ ಮಾಹಿತಿಯನ್ನೂ ಕೆಲಸದ ವೇಳೆಯನ್ನೂ ಬಳಸುವಂತಿಲ್ಲ, ಕಂಪನಿಯ ಗ್ರಾಹಕರೊಡನೆ ಸ್ವಂತ ವ್ಯವಹಾರಕ್ಕೆ ಮೊದಲೇ ಲಿಖಿತ ಒಪ್ಪಿಗೆ ಬೇಕು. ಉಳಿದ ದುಡಿಮೆಗೆ ಯಾರನ್ನೂ ಕೇಳಬೇಕಿಲ್ಲ.