ಎನ್‌ಕ್ಲೆಕ್ಸ್: ಯಾರೂ ನೋಡದ ಶೇ 21

ಅಮೆರಿಕದ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್ 2023ರ ಏಪ್ರಿಲ್‌ನಲ್ಲಿ ಸ್ವರೂಪ ಬದಲಿಸಿದಾಗಿನಿಂದ ಕೋಚಿಂಗ್ ಕೇಂದ್ರಗಳಲ್ಲಿ ಕೇಸ್ ಸ್ಟಡಿಯದ್ದೇ ಜಪ. ಅಂಕಕ್ಕೆ ಲೆಕ್ಕವಾಗುವ ಕೇಸ್ ಸ್ಟಡಿಗಳು ಮೂರು, ಪ್ರಶ್ನೆಗಳು 18. ಪರೀಕ್ಷೆಯಾದರೋ ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳದ್ದು. ನಮ್ಮ ಬಿ.ಎಸ್ಸಿ ನರ್ಸಿಂಗ್ ಪದವೀಧರರು ಮೊದಲು ನೋಡಬೇಕಾದ ಸಂಖ್ಯೆ ಬೇರೆ ಇದೆ: ‘ಮ್ಯಾನೇಜ್‌ಮೆಂಟ್ ಆಫ್ ಕೇರ್’ ವಿಭಾಗದ ಶೇ 15ರಿಂದ 21. ಎಂಟು ವಿಭಾಗಗಳಲ್ಲಿ ಇದೇ ದೊಡ್ಡದು. ಎಲ್ಲರೂ ಹೆದರುವ ಫಾರ್ಮಕಾಲಜಿಗೂ ಇರುವುದು ಶೇ 13ರಿಂದ 19.

ಈ ಪಾಠ ಕಾಲೇಜಿನಲ್ಲಿ ಆಗಿದೆಯಲ್ಲ ಎನ್ನುವವರಿದ್ದಾರೆ. ಆಗಿರುವುದು ಆಡಳಿತ ತತ್ತ್ವಗಳ ಪಟ್ಟಿ. ಪರೀಕ್ಷೆ ಕೇಳುವುದು ಯಾವ ರೋಗಿಯನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ವಹಿಸಬೇಕು ಎಂದು. ಅಲ್ಲಿನ ವಾರ್ಡಿನಲ್ಲಿ ಆರ್‌ಎನ್ ಕೆಳಗೆ ಎಲ್‌ಪಿಎನ್ ಎಂಬ ದರ್ಜೆಯಿದೆ. ಸ್ಥಿರವಾಗಿರುವ ರೋಗಿಗೆ ಟ್ಯೂಬ್ ಫೀಡಿಂಗ್ ಕೊಡುವುದನ್ನು ಅವರಿಗೆ ಒಪ್ಪಿಸಬಹುದು. ಹೊಸದಾಗಿ ದಾಖಲಾದವರ ಮೊದಲ ತಪಾಸಣೆಯನ್ನಾಗಲಿ, ಇನ್ಸುಲಿನ್ ಬಗ್ಗೆ ಮೊದಲ ಬಾರಿ ತಿಳಿಹೇಳುವುದನ್ನಾಗಲಿ ಒಪ್ಪಿಸುವಂತಿಲ್ಲ. ಜಿಎನ್‌ಎಂ, ಬಿ.ಎಸ್ಸಿ ಇಬ್ಬರೂ ಒಂದೇ ಕೆಲಸ ಮಾಡುವ ವಾರ್ಡಿನಿಂದ ಹೋದವರಿಗೆ ಈ ಗೆರೆ ಕಾಣುವುದೇ ಇಲ್ಲ.

ಒಂದು ಉದಾಹರಣೆ. ಬಹುಕಾಲದ ಸಿಒಪಿಡಿ ರೋಗಿ, ಆಕ್ಸಿಜನ್ ಪ್ರಮಾಣ 89, ಎಂದಿನಂತೆಯೇ ಇದ್ದಾರೆ. ಸೊಂಟದ ಶಸ್ತ್ರಚಿಕಿತ್ಸೆಯಾಗಿ ಎರಡನೇ ದಿನದ ಮತ್ತೊಬ್ಬರಿಗೆ 93, ಆದರೆ ದಿಢೀರನೆ ಉಸಿರಾಟದ ತೊಂದರೆ, ಚಡಪಡಿಕೆ. ಮೊದಲು ನೋಡಬೇಕಾದದ್ದು ಎರಡನೆಯವರನ್ನು. 89 ಆ ಕಾಯಿಲೆಯಲ್ಲಿ ನಿರೀಕ್ಷಿತ. ಹಠಾತ್ ಬದಲಾವಣೆ ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸೇರಿರುವ ಸೂಚನೆಯಿರಬಹುದು. ಪಲ್ಮನರಿ ಎಂಬಾಲಿಸಂ ಮೇಲೆ ಹತ್ತು ಅಂಕದ ಉತ್ತರ ಬರೆಯಬಲ್ಲವರೂ ಇಲ್ಲಿ ಕಡಿಮೆ ಅಂಕಿಯ ಹಿಂದೆ ಹೋಗುತ್ತಾರೆ.

ಆದ್ದರಿಂದ ಹನ್ನೆರಡು ವಾರಗಳ ಯೋಜನೆ ಪುಸ್ತಕದಿಂದ ಶುರುವಾಗಬಾರದು. ಮೊದಲ ದಿನವೇ ಗಡಿಯಾರ ಇಟ್ಟುಕೊಂಡು 85 ಪ್ರಶ್ನೆ ಬಿಡಿಸಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ವಿಷಯ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಆದ್ಯತೆ ತಪ್ಪಿತೇ? ಮೊದಲನೆಯದಕ್ಕೆ ಮಾತ್ರ ಪಠ್ಯ ತೆರೆಯಿರಿ. ಎರಡನೆಯದಕ್ಕೆ ನಿತ್ಯ ಇಪ್ಪತ್ತು ಆದ್ಯತೆ–ಹಂಚಿಕೆ ಪ್ರಶ್ನೆಗಳು. ತಪ್ಪು ಆಯ್ಕೆ ಏಕೆ ತಪ್ಪು ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಕೇಸ್ ಸ್ಟಡಿ ಆರನೇ ವಾರದಿಂದ ಸಾಕು.

‘ಅನ್ವಯಿಸುವ ಎಲ್ಲವನ್ನೂ ಆರಿಸಿ’ ಪ್ರಶ್ನೆಗಳಿಗೆ ಬೇರೆಯೇ ಅಭ್ಯಾಸ ಬೇಕು. ಸರಿಗೆ ಒಂದು ಅಂಕ ಕೂಡಿದರೆ ತಪ್ಪಿಗೆ ಒಂದು ಕಳೆಯುತ್ತದೆ. ಸೊನ್ನೆಗಿಂತ ಕೆಳಗೆ ಹೋಗದು. ಆರರಲ್ಲಿ ಮೂರು ಸರಿಯಿದ್ದಾಗ ಎಲ್ಲವನ್ನೂ ಒತ್ತಿದವರಿಗೆ ಸೊನ್ನೆ, ಖಚಿತವಿದ್ದ ಎರಡನ್ನಷ್ಟೇ ಒತ್ತಿದವರಿಗೆ ಎರಡು.

ಹತ್ತನೇ ವಾರದಲ್ಲಿ ಹೊಸ ಪ್ರಶ್ನೆಗಳಿಂದ ಮತ್ತೆ 85 ಬಿಡಿಸಿ. ‘ಗೊತ್ತಿದ್ದೂ ತಪ್ಪಿದ್ದು’ ಆಗಲೂ ಕಡಿಮೆಯಾಗಿರದಿದ್ದರೆ ಪರೀಕ್ಷೆಯ ದಿನಾಂಕ ಮುಂದಕ್ಕೆ ಹಾಕಿ. ಅನುತ್ತೀರ್ಣರಾದರೆ ಮತ್ತೆ ಕೂರಲು ಕನಿಷ್ಠ 45 ದಿನ ಕಾಯಬೇಕು, ಶುಲ್ಕವನ್ನು ಹೊಸದಾಗಿ ಕಟ್ಟಬೇಕು.