ಭಾವನ ಬಾಣಲೆ ಮೊಳೆಯಲ್ಲೇ ಇರಲಿ

ನಮ್ಮಕ್ಕ ಮೊಟ್ಟೆಯನ್ನೂ ಮುಟ್ಟದವಳು. ಭಾವ ಮಂಡ್ಯ ಕಡೆಯವರು, ವಾರಕ್ಕೊಮ್ಮೆಯಾದರೂ ಬಾಡೂಟ ಬೇಕು. ಬೆಂಗಳೂರಿನಲ್ಲಿ ಬಿಇ ಓದುತ್ತಿರುವ ನಾನು ಇರುವುದು ಅವರ ಬಾಡಿಗೆ ಮನೆಯಲ್ಲೇ. ಹಾಗಾಗಿ ಆ ಅಡುಗೆಮನೆಯ ಎರಡು ವರ್ಷದ ಚರಿತ್ರೆಗೆ ನಾನೇ ಸಾಕ್ಷಿ.

ಮೊದಲು ಭಾವ ಹೊರಗೆ ತಿಂದು ಬರುತ್ತಿದ್ದರು. ನೆಂಟರೆಲ್ಲ ಇದನ್ನು ಹೊಂದಾಣಿಕೆ ಎಂದು ಹೊಗಳಿದರು. ನನಗೆ ಹಾಗನ್ನಿಸಲಿಲ್ಲ. ಬಾಡಿಗೆ ಕಟ್ಟುವ ಮನುಷ್ಯ ತನ್ನಿಷ್ಟದ ಊಟಕ್ಕೆ ಮಿಲಿಟರಿ ಹೋಟೆಲಿನ ಬೆಂಚು ಹುಡುಕುತ್ತಿದ್ದರೆ, ಆ ರಾತ್ರಿಗಳಲ್ಲಿ ಅಕ್ಕ ಟಿವಿ ಮುಂದೆ ಒಬ್ಬಳೇ ಉಣ್ಣುತ್ತಿದ್ದಳು. ಕೊನೆಗೆ ಅವಳೇ ಹೇಳಿದಳು: 'ಮನೆಯಲ್ಲೇ ಮಾಡ್ಕೊಳ್ಳಿ, ನನ್ನ ಪಾತ್ರೆಗೆ ಮಾತ್ರ ಮುಟ್ಟಿಸಬೇಡಿ.'

ಬಾಣಲೆ, ಸೌಟು, ಚಾಕು, ಮಣೆ, ಪಾತ್ರೆ ತಿಕ್ಕುವ ನಾರು ಎಲ್ಲ ಬೇರೆಯಾಯಿತು. ಮರದ ಮಣೆ, ಕಬ್ಬಿಣದ ಕಾವಲಿ ಜಿಡ್ಡು, ವಾಸನೆ ಹಿಡಿದಿಟ್ಟುಕೊಳ್ಳುತ್ತವೆ, ಸ್ಟೀಲಿನಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೊಟ್ಟೆಯ ತಟ್ಟೆಗೆ ಮೊದಲು ತಣ್ಣೀರು ಹಾಕಬೇಕೆಂದು ಭಾವ ಕಲಿತರು. ಬಿಸಿನೀರು ಹಾಕಿದರೆ ಮೊಟ್ಟೆ ಅಲ್ಲೇ ಬೆಂದು ಇನ್ನಷ್ಟು ಅಂಟಿಕೊಳ್ಳುತ್ತದೆ.

ಇಷ್ಟಾದರೂ ಜಗಳ ಬಂತು. ಮೀನು ಕರಿದು ಉಳಿದ ಎಣ್ಣೆಯನ್ನು ಭಾವ ಸೋಸಿ ಬಾಟಲಿಗೆ ತುಂಬಿಟ್ಟಿದ್ದರು. ಅಕ್ಕ ಅದರಲ್ಲೇ ಹಪ್ಪಳ ಕರಿದಳು. ಒಂದು ತುಂಡು ಬಾಯಿಗಿಟ್ಟವಳು ಬಚ್ಚಲಿಗೆ ಓಡಿದಳು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಪಾತ್ರೆಗೆಲ್ಲ ಲೆಕ್ಕವಿಟ್ಟವರು ಎಣ್ಣೆಯನ್ನು ಮರೆತಿದ್ದರು! ಈಗ ಮೀನನ್ನು ಎರಡು ಚಮಚ ಎಣ್ಣೆಯಲ್ಲಿ ಕಾವಲಿ ಮೇಲೆ ಹುರಿಯುತ್ತಾರೆ, ಮಿಕ್ಕಿದ್ದನ್ನು ಇಡುವುದಿಲ್ಲ.

ಮನೆಗಿಂತ ಕಷ್ಟದ್ದು ನೆಂಟರ ನಡುವಿನ ಊಟ. ಯುಗಾದಿಯ ದಿನ ಹೋಳಿಗೆ, ಎರಡೂ ಕಡೆಯವರಿಗೆ ಒಂದೇ ಎಲೆ. ಮಾರನೆಯ ದಿನ ಹೊಸತೊಡಕು. ಭಾವನ ಊರಿನಲ್ಲಿ ಅವತ್ತು ಮಟನ್ ಸಾರಿಲ್ಲದ ಮನೆಯೇ ಕಡಿಮೆ. ಅಕ್ಕನ ಅತ್ತೆ ಬೆಳಿಗ್ಗೆಯೇ, ಮಾಂಸ ಒಲೆಗೇರುವ ಮೊದಲು, ಹೆಸರುಕಾಳಿನ ಬಸ್ಸಾರು ಮಾಡಿ ತೆಗೆದಿಡುತ್ತಾರೆ. ಮುದ್ದೆ ಎಲ್ಲರಿಗೂ ಒಂದೇ. ಅಕ್ಕ ಸಾಲಿನ ಕೊನೆಗೆ ಕೂರುತ್ತಾಳೆ, ಮಟನ್ ಸೌಟು ಅವಳ ಎಲೆ ದಾಟಿ ಹೋಗುವುದಿಲ್ಲ.

ಆದರೂ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: 'ಒಂದು ತುಂಡು ತಿಂದ್ರೆ ಏನಾಗುತ್ತವ್ವಾ?' ಇದಕ್ಕೆ ಉತ್ತರ ಕೊಡಬೇಕಾದವಳು ಸೊಸೆಯಲ್ಲ. ಹೋದ ವರ್ಷ ಭಾವನೇ 'ಅವಳ ಪಾಲೂ ನನಗೇ ಹಾಕು ದೊಡ್ಡಪ್ಪ' ಎಂದರು. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಇನ್ನೂ ಅಷ್ಟು ಧೈರ್ಯ ಬಂದಿಲ್ಲ. 'ಅಳಿಯಂದಿರು ಅದನ್ನೆಲ್ಲ ಬಿಟ್ರಂತಾ?' ಎಂದು ಅಜ್ಜಿ ಕೇಳಿದಾಗಲೆಲ್ಲ ಅಕ್ಕ ಮಾತು ಮರೆಸುತ್ತಾಳೆ. ಮುಂದಿನ ತಿಂಗಳು ಅಜ್ಜಿ ಬೆಂಗಳೂರಿಗೆ ಬರುತ್ತಿದ್ದಾರೆ. ಅಷ್ಟರೊಳಗೆ ಭಾವನ ಬಾಣಲೆಯನ್ನು ಅಟ್ಟಕ್ಕೇರಿಸಬೇಕೆಂದು ಅಕ್ಕನ ಯೋಚನೆ. ಬೇಡ, ಅದು ಮೊಳೆಯಲ್ಲೇ ನೇತಾಡಲಿ ಎಂದು ನನ್ನ ವಾದ. ಭಾವ ಮಾತ್ರ ಇನ್ನೂ ಏನೂ ಹೇಳಿಲ್ಲ.