ಸೆನ್ಸೆಕ್ಸ್‌ಗಿಂತ ಚಿನ್ನದ ಬೆಲೆ ಹೆಚ್ಚಾದರೆ ಚಿನ್ನ ದುಬಾರಿ ಎಂದರ್ಥವೇ?

10 ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿ ದಾಟಿದ 2025ರ ನಂತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಲೆಕ್ಕ ಓಡಾಡುತ್ತಿದೆ. ‘ಚಿನ್ನದ ಬೆಲೆಯನ್ನು ಸೆನ್ಸೆಕ್ಸ್‌ನಿಂದ ಭಾಗಿಸಿ. ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ ಚಿನ್ನ ದುಬಾರಿ, ಮಾರಿ ಷೇರು ಕೊಳ್ಳಿ. ಒಂದಕ್ಕಿಂತ ಕಡಿಮೆ ಬಂದರೆ ಚಿನ್ನ ಅಗ್ಗ, ಕೊಳ್ಳಿ’ ಎನ್ನುವುದು ಅದರ ಸಾರ. ಲೆಕ್ಕವೇನೋ ಸುಲಭ, ಸಂಖ್ಯೆಯೂ ನಿಜವಾದದ್ದೇ. ಆದರೆ ಅದನ್ನು ನಂಬಿ ಮಗಳ ಮದುವೆಗೆಂದು ಕೂಡಿಟ್ಟ ಚಿನ್ನವನ್ನು ಮಾರಬಹುದೇ? ಈ ಅನುಪಾತ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಲೆಕ್ಕ ಹಾಕುವುದು ಹೇಗೆ?

10 ಗ್ರಾಂ ಅಪರಂಜಿ ಚಿನ್ನದ ಬೆಲೆಯನ್ನು ಅದೇ ದಿನದ ಸೆನ್ಸೆಕ್ಸ್ ಅಂಕದಿಂದ ಭಾಗಿಸಬೇಕು. ಉದಾಹರಣೆಗೆ, 2008ರ ಜನವರಿಯಲ್ಲಿ ಷೇರು ಪೇಟೆ ಭರಾಟೆಯಲ್ಲಿತ್ತು. ಸೆನ್ಸೆಕ್ಸ್ 21,000ದ ಆಸುಪಾಸಿನಲ್ಲಿತ್ತು, ಚಿನ್ನ ಸುಮಾರು 11,000 ರೂಪಾಯಿ. ಭಾಗಿಸಿದರೆ 0.52. 2013ರ ಆಗಸ್ಟ್ ಕೊನೆಯಲ್ಲಿ ರೂಪಾಯಿ ಕುಸಿದಾಗ ಚಿನ್ನ ಸುಮಾರು 34,000ಕ್ಕೆ ಏರಿತ್ತು, ಸೆನ್ಸೆಕ್ಸ್ 18,000ದ ಹತ್ತಿರವಿತ್ತು. ಭಾಗಿಸಿದರೆ 1.9. 2025ರವರೆಗಿನ ಎರಡು ದಶಕಗಳಲ್ಲಿ ಈ ಅನುಪಾತ ಹೆಚ್ಚುಕಡಿಮೆ ಇವೆರಡರ ನಡುವೆಯೇ ಓಡಾಡಿತ್ತು.

ಕೆಲವರು ಇದನ್ನು ತಿರುಗಿಸಿ, ಸೆನ್ಸೆಕ್ಸ್ ಅನ್ನು ಚಿನ್ನದ ಬೆಲೆಯಿಂದ ಭಾಗಿಸುತ್ತಾರೆ. ಆಗ 0.52 ಇರುವಲ್ಲಿ 1.9 ಬರುತ್ತದೆ, ಅರ್ಥ ತಲೆಕೆಳಗಾಗುತ್ತದೆ. ಹಾಗಾಗಿ ಎಲ್ಲಾದರೂ ಈ ಸಂಖ್ಯೆ ಕಂಡರೆ ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಮೊದಲು ನೋಡಬೇಕು. ನಾವಿಲ್ಲಿ ಚಿನ್ನವನ್ನು ಮೇಲಿಟ್ಟು ಭಾಗಿಸಿದ್ದೇವೆ. ಸಂಖ್ಯೆ ದೊಡ್ಡದಾದಷ್ಟೂ ಷೇರಿಗೆ ಹೋಲಿಸಿದರೆ ಚಿನ್ನ ದುಬಾರಿ.

‘ಒಂದು’ ಎಂಬ ಗಡಿಗೆ ಅರ್ಥವಿದೆಯೇ?

ಇಲ್ಲ. ಸೆನ್ಸೆಕ್ಸ್ ಎಂಬುದು ಬೆಲೆಯಲ್ಲ, ಅದೊಂದು ಸೂಚ್ಯಂಕ. 1978-79ರ ಮಟ್ಟವನ್ನು 100 ಎಂದು ಇಟ್ಟುಕೊಂಡು, ಅಲ್ಲಿಂದ ಷೇರುಗಳ ಮೌಲ್ಯ ಎಷ್ಟು ಪಟ್ಟು ಬೆಳೆದಿದೆ ಎಂದು ಅದು ತೋರಿಸುತ್ತದೆ. ಆಗ 100ರ ಬದಲು 1,000 ಎಂದು ಇಟ್ಟುಕೊಂಡಿದ್ದರೆ ಇಂದಿನ ಸೆನ್ಸೆಕ್ಸ್ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತಿತ್ತು, ನಮ್ಮ ಅನುಪಾತ ಹತ್ತರಲ್ಲೊಂದು ಪಾಲಾಗುತ್ತಿತ್ತು. ಚಿನ್ನವನ್ನು 10 ಗ್ರಾಂ ಲೆಕ್ಕದಲ್ಲಿ ಹೇಳುವುದೂ ನಮ್ಮ ರೂಢಿ ಅಷ್ಟೇ. ಪವನಿನ ಲೆಕ್ಕದಲ್ಲಿ, ಅಂದರೆ 8 ಗ್ರಾಂಗೆ ಹೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಇದನ್ನು ಒಂದೇ ದಿನದ ಲೆಕ್ಕದಲ್ಲಿ ಪರೀಕ್ಷಿಸಬಹುದು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಚಿನ್ನ ಸುಮಾರು 75,000 ರೂಪಾಯಿ ಇತ್ತು. ಸೆನ್ಸೆಕ್ಸ್ ಸುಮಾರು 85,800, ನಿಫ್ಟಿ ಸುಮಾರು 26,200. ಸೆನ್ಸೆಕ್ಸ್‌ನಿಂದ ಭಾಗಿಸಿದರೆ 0.87, ನಿಫ್ಟಿಯಿಂದ ಭಾಗಿಸಿದರೆ 2.9. ಎರಡೂ ಸೂಚ್ಯಂಕಗಳಲ್ಲಿರುವುದು ಬಹುಪಾಲು ಅವೇ ದೊಡ್ಡ ಕಂಪನಿಗಳು. ಆದರೂ ಒಂದರ ಪ್ರಕಾರ ಚಿನ್ನ ಅಗ್ಗ, ಇನ್ನೊಂದರ ಪ್ರಕಾರ ಬಲು ದುಬಾರಿ ಎಂದಾಗುತ್ತದೆ. ಹಾಗಾಗಿ ಈ ಅನುಪಾತವನ್ನು ‘ಒಂದರ’ ಜೊತೆ ಹೋಲಿಸುವಂತಿಲ್ಲ. ಅದರದೇ ಹಳೆಯ ಏರಿಳಿತದ ಜೊತೆ ಮಾತ್ರ ಹೋಲಿಸಬಹುದು.

ಹಾಗೆ ಹೋಲಿಸಿದರೆ ಉಪಯೋಗವಿದೆಯೇ?

ಸ್ವಲ್ಪ ಇದೆ. ಆದರೆ ಜನ ಅಂದುಕೊಂಡ ರೀತಿಯಲ್ಲಲ್ಲ. ಅನುಪಾತ ತುಂಬಾ ಮೇಲಿದ್ದ ಎರಡು ಸಂದರ್ಭಗಳನ್ನು ನೋಡೋಣ.

ಮೊದಲನೆಯದು 2009ರ ಮಾರ್ಚ್. ಜಾಗತಿಕ ಆರ್ಥಿಕ ಬಿಕ್ಕಟ್ಟಿನಿಂದ ಸೆನ್ಸೆಕ್ಸ್ ಸುಮಾರು 8,200ಕ್ಕೆ ಬಿದ್ದಿತ್ತು. ಚಿನ್ನ ಸುಮಾರು 15,000. ಅನುಪಾತ 1.8. ಎರಡನೆಯದು ಆಗಲೇ ಹೇಳಿದ 2013ರ ಆಗಸ್ಟ್, ಅನುಪಾತ 1.9. ಎರಡೂ ಬಾರಿ ‘ಚಿನ್ನ ದುಬಾರಿ’ ಎಂಬ ಸೂಚನೆ ಹೆಚ್ಚುಕಡಿಮೆ ಒಂದೇ ತೆರನಾಗಿತ್ತು. ಎರಡೂ ಬಾರಿ ಮುಂದೆ ಅನುಪಾತ ಸುಮಾರು ಒಂದರ ಮಟ್ಟಕ್ಕೆ ಇಳಿಯಿತು. ಆದರೆ ಇಳಿದ ಬಗೆ ಮಾತ್ರ ಬೇರೆ ಬೇರೆ.

2013ರ ನಂತರ ಚಿನ್ನದ ಬೆಲೆ ನಿಜಕ್ಕೂ ಕುಸಿಯಿತು. 2015ರ ಕೊನೆಗೆ ಅದು ಸುಮಾರು 25,000ಕ್ಕೆ ಬಂದರೆ, ಸೆನ್ಸೆಕ್ಸ್ 26,000ಕ್ಕೆ ಏರಿತ್ತು. ಆ ಆಗಸ್ಟ್‌ನಲ್ಲಿ ಚಿನ್ನ ಕೊಂಡವರು ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದರು.

2009ರ ನಂತರ ಆದದ್ದೇ ಬೇರೆ. 2010ರ ಕೊನೆಗೆ ಸೆನ್ಸೆಕ್ಸ್ 20,500ಕ್ಕೆ ಜಿಗಿದಿತ್ತು, ಚಿನ್ನವೂ 20,000 ದಾಟಿತ್ತು. ಅಂದರೆ ‘ದುಬಾರಿ’ ಎನಿಸಿಕೊಂಡಿದ್ದ ಚಿನ್ನ ಎರಡು ವರ್ಷದೊಳಗೆ ಮೂರನೇ ಒಂದು ಭಾಗದಷ್ಟು ಏರಿತು. ಷೇರು ಅದಕ್ಕಿಂತ ಬಹಳ ವೇಗವಾಗಿ ಏರಿದ್ದರಿಂದ ಅನುಪಾತ ಇಳಿಯಿತು, ಅಷ್ಟೇ.

‘ಚಿನ್ನ ದುಬಾರಿ, ಬೆಲೆ ಇಳಿದ ಮೇಲೆ ಒಡವೆ ಮಾಡಿಸೋಣ’ ಎಂದು 2009ರಲ್ಲಿ ಹಣವನ್ನು ಬ್ಯಾಂಕಿನಲ್ಲಿಟ್ಟು ಕಾದ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅನುಪಾತ ಅವರಿಗೆ ಸುಳ್ಳು ಹೇಳಿರಲಿಲ್ಲ. ಷೇರಿಗೆ ಹೋಲಿಸಿದರೆ ಚಿನ್ನ ದುಬಾರಿ ಎಂದಿತ್ತು, ಅದು ನಿಜವೂ ಆಯಿತು. ಆದರೆ ಅವರ ಮುಂದಿದ್ದ ಆಯ್ಕೆ ಚಿನ್ನವೋ ಷೇರೋ ಎಂಬುದಾಗಿರಲಿಲ್ಲ, ಈಗಲೋ ಮುಂದೆಯೋ ಎಂಬುದಾಗಿತ್ತು. ಆ ಪ್ರಶ್ನೆಗೆ ಈ ಅನುಪಾತದಲ್ಲಿ ಉತ್ತರವೇ ಇಲ್ಲ. ಎರಡೂ ಏರಬಹುದು, ಎರಡೂ ಇಳಿಯಬಹುದು. ಯಾವುದು ಹೆಚ್ಚು ಏರಿತು ಎಂಬುದಷ್ಟೇ ಅನುಪಾತಕ್ಕೆ ಗೊತ್ತು.

ಅನುಪಾತ ಸುಮ್ಮನಿದ್ದಾಗ

ಇನ್ನೊಂದು ತೊಂದರೆಯೂ ಇದೆ. 2024ರ ಸೆಪ್ಟೆಂಬರ್‌ನ 0.87ಕ್ಕೆ ಮತ್ತೆ ಬನ್ನಿ. ಅರ್ಧದಿಂದ 1.9ರವರೆಗಿನ ಹಾದಿಯಲ್ಲಿ ಇದು ತೀರಾ ಕೆಳಗೂ ಅಲ್ಲ, ಮೇಲೂ ಅಲ್ಲ. ಅನುಪಾತ ನೋಡಿ ನಡೆಯುವವರು ಆಗ ಏನನ್ನೂ ಮಾಡುವಂತಿರಲಿಲ್ಲ. ಆದರೆ ಮುಂದಿನ ಸುಮಾರು ಒಂದು ವರ್ಷದಲ್ಲಿ ಸೆನ್ಸೆಕ್ಸ್ ಇದ್ದಲ್ಲೇ ಇತ್ತು, ಚಿನ್ನ 1.25 ಲಕ್ಷದ ಆಸುಪಾಸಿಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಅನುಪಾತ 1.5ರ ಹತ್ತಿರವಿತ್ತು.

ಈ ಏರಿಕೆಗೆ ಒಂದು ಮುಖ್ಯ ಕಾರಣ ನಾನಾ ದೇಶಗಳ ಕೇಂದ್ರ ಬ್ಯಾಂಕುಗಳ ಖರೀದಿ. 2022, 2023 ಮತ್ತು 2024ರಲ್ಲಿ ಅವು ವರ್ಷಕ್ಕೆ 1,000 ಟನ್‌ಗಿಂತ ಹೆಚ್ಚು ಚಿನ್ನ ಕೊಂಡಿವೆ. ಹಾಗೆ ಕೊಳ್ಳುವ ಬ್ಯಾಂಕು ಡಾಲರ್ ಸಂಗ್ರಹದ ಅಪಾಯವನ್ನು ಯೋಚಿಸುತ್ತದೆಯೇ ಹೊರತು ಮುಂಬೈ ಷೇರು ಪೇಟೆಯ ಮಟ್ಟವನ್ನಲ್ಲ. ಅನುಪಾತವನ್ನು ಹಳೆಯ ಸರಾಸರಿಗೆ ಎಳೆದು ತರುವ ಹಗ್ಗವೇನೂ ಇಲ್ಲ. ಹಿಂದೆ ಹಲವು ಬಾರಿ ಮರಳಿದೆ ಎಂಬುದು ಅನುಭವ, ನಿಯಮವಲ್ಲ.

ಕಣ್ಣಿಗೆ ಕಾಣದ ಎರಡು ಓರೆಗಳು

ಒಂದು, ಆಮದು ಸುಂಕ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿಗಾರಿಕೆ ನಡೆಯುತ್ತಿದ್ದರೂ, ದೇಶಕ್ಕೆ ಬೇಕಾದ ಚಿನ್ನದ ಬಹುಪಾಲು ಹೊರಗಿನಿಂದಲೇ ಬರಬೇಕು. ಆದ್ದರಿಂದ ನಮ್ಮ ಚಿನ್ನದ ಬೆಲೆಯಲ್ಲಿ ಡಾಲರ್ ದರವೂ ಸುಂಕವೂ ಸೇರಿರುತ್ತವೆ. 2024ರ ಜುಲೈ 23ರ ಬಜೆಟ್‌ನಲ್ಲಿ ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಲಾಯಿತು. ನೂರು ರೂಪಾಯಿಯ ಚಿನ್ನ ಸುಂಕ ಸೇರಿ 115 ಆಗುತ್ತಿದ್ದದ್ದು 106 ಆಗುವ ಲೆಕ್ಕ, ಅಂದರೆ ಸುಮಾರು ಶೇ 8ರಷ್ಟು ಇಳಿಕೆ. ಲಂಡನ್ನಿನಲ್ಲಿ ಚಿನ್ನದ ಬೆಲೆ ಕದಲದಿದ್ದರೂ ಇಲ್ಲಿ ಅನುಪಾತ ಅಷ್ಟು ಇಳಿಯಬೇಕಾಗುತ್ತದೆ. ಅದನ್ನು ‘ಚಿನ್ನ ಅಗ್ಗವಾಯಿತು’ ಎಂದು ಓದಿದರೆ, ಪೇಟೆಯ ಸೂಚನೆಯನ್ನಲ್ಲ, ಸರ್ಕಾರದ ಆದೇಶವನ್ನು ಓದಿದಂತೆ.

ಇನ್ನೊಂದು, ಲಾಭಾಂಶ. ಷೇರು ಹೊಂದಿದವರಿಗೆ ಕಂಪನಿಗಳು ಲಾಭಾಂಶ ಕೊಡುತ್ತವೆ, ಆದರೆ ಸಾಮಾನ್ಯ ಸೆನ್ಸೆಕ್ಸ್‌ನಲ್ಲಿ ಅದು ಸೇರಿಲ್ಲ. ಅದು ವರ್ಷಕ್ಕೆ ಶೇ 1.3ರಷ್ಟು ಎಂದು ಇಟ್ಟುಕೊಂಡು ಮತ್ತೆ ಷೇರಿಗೇ ಹಾಕಿದರೆ, 20 ವರ್ಷದಲ್ಲಿ ಸುಮಾರು ಶೇ 30ರಷ್ಟು ಹೆಚ್ಚುವರಿ ಆಗುತ್ತದೆ. ಪೆಟ್ಟಿಗೆಯಲ್ಲಿರುವ ಚಿನ್ನ ಹೀಗೆ ಮರಿ ಹಾಕುವುದಿಲ್ಲ. ಎರಡು ದಶಕದ ಅನುಪಾತವನ್ನು ಪಕ್ಕಪಕ್ಕ ಇಟ್ಟು ನೋಡುವಾಗ ಷೇರಿನ ಗಳಿಕೆಯನ್ನು ನಾವು ಅಷ್ಟರಮಟ್ಟಿಗೆ ಕಡಿಮೆ ಎಣಿಸುತ್ತಿರುತ್ತೇವೆ. ಲಾಭಾಂಶವನ್ನೂ ಸೇರಿಸಿದ ‘ಟೋಟಲ್ ರಿಟರ್ನ್’ ಸೂಚ್ಯಂಕ ಬಳಸಿದರೆ ಈ ಓರೆ ಸರಿಹೋಗುತ್ತದೆ.

ಹಾಗಾದರೆ ಏನು ಮಾಡುವುದು?

ಚಿನ್ನವನ್ನೂ ಷೇರನ್ನೂ ಉಳಿತಾಯವಾಗಿ ಇಟ್ಟುಕೊಂಡವರಿಗೆ, ಭವಿಷ್ಯ ಹೇಳುವ ಗೊಡವೆಯಿಲ್ಲದೆ ಇದೇ ಮಾಹಿತಿಯನ್ನು ಬಳಸುವ ದಾರಿಯೊಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಒಬ್ಬರು ಸೆನ್ಸೆಕ್ಸ್ ಫಂಡ್‌ನಲ್ಲಿ 80,000, ಚಿನ್ನದ ಫಂಡ್‌ನಲ್ಲಿ 20,000 ಇಟ್ಟಿದ್ದರು ಎಂದುಕೊಳ್ಳಿ. ಐದರಲ್ಲಿ ಒಂದು ಪಾಲು ಚಿನ್ನ ಎಂಬುದು ಅವರ ನಿರ್ಧಾರ. ಖರ್ಚುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, 2025ರ ಅಕ್ಟೋಬರ್ ಹೊತ್ತಿಗೆ ಷೇರಿನ ಪಾಲು ಸುಮಾರು 78,300, ಚಿನ್ನದ ಪಾಲು ಸುಮಾರು 33,300. ಒಟ್ಟು 1,11,600ರಲ್ಲಿ ಚಿನ್ನ ಶೇ 30 ಆಗಿದೆ. ಸುಮಾರು 11,000 ರೂಪಾಯಿಯ ಚಿನ್ನ ಮಾರಿ ಷೇರಿಗೆ ಹಾಕಿದರೆ ಮೊದಲಿನ ಹಂಚಿಕೆಗೆ ಮರಳಿದಂತೆ. ಮಾರಿದರೆ ತೆರಿಗೆ ಬೀಳುವಂತಿದ್ದರೆ ಮುಂದಿನ ಕಂತುಗಳನ್ನೆಲ್ಲ ಷೇರಿಗೇ ಕಟ್ಟುತ್ತಾ ಹೋದರೂ ಆಯಿತು.

ಇಲ್ಲಿ ಅವರು ಮಾರಿದ್ದು ಎಲ್ಲ ಚಿನ್ನವನ್ನಲ್ಲ, ಮೂರರಲ್ಲೊಂದು ಪಾಲನ್ನು. ಚಿನ್ನ ಇನ್ನೂ ಏರಿದರೆ ಉಳಿದದ್ದು ಅವರ ಬಳಿಯೇ ಇದೆ, ಇಳಿದರೆ ಅಷ್ಟರಮಟ್ಟಿಗೆ ನಷ್ಟ ತಪ್ಪಿತು. ಅನುಪಾತ ಹೇಳುವ ‘ಯಾವುದು ಹೆಚ್ಚು ಏರಿದೆ’ ಎಂಬ ಮಾತನ್ನಷ್ಟೇ ಅವರು ಕೇಳಿಸಿಕೊಂಡರು.

ಮದುವೆಗೆ, ಮೈಮೇಲೆ ಹಾಕಿಕೊಳ್ಳಲು ಬೇಕಾದ ಒಡವೆಯ ಲೆಕ್ಕ ಬೇರೆ. ಅದನ್ನು ಮಾರಿ ಮುಂದೆ ಮತ್ತೆ ಮಾಡಿಸುವುದಾದರೆ ಮಜೂರಿ, ಜಿಎಸ್‌ಟಿ ಎರಡನ್ನೂ ಇನ್ನೊಮ್ಮೆ ಕೊಡಬೇಕು. ಎರಡು ವರ್ಷದಲ್ಲಿ ಬೇಕಾಗುವ ಚಿನ್ನವನ್ನು ಮಾರಿ ಷೇರು ಕೊಂಡರೆ, ಅನುಪಾತ ಇಳಿಯುವ ಮೊದಲೇ ಮುಹೂರ್ತ ಬಂದುಬಿಡಬಹುದು. ಆ ಚಿನ್ನಕ್ಕೆ ನೋಡಬೇಕಾದದ್ದು ಮದುವೆಯ ದಿನಾಂಕವನ್ನು, ಸೆನ್ಸೆಕ್ಸ್ ಅನ್ನಲ್ಲ.